ಹಿಂದೆ ಮಷಿನ್ ಹಾಕಿಸುವ ಮುಂಚೆ: ಭುಜ ದಾಟಿದ ಕೂದಲಿಗೆ ಬನ್ನೋ, ಪೋನಿಟೇಲೋ?

ಪ್ರಶ್ನೆ: ನಾನು ಹುಬ್ಬಳ್ಳಿ ವಿದ್ಯಾನಗರದವನು, ವಯಸ್ಸು 28. ಕೂದಲು ಭುಜ ದಾಟಿ ನಾಲ್ಕು ಬೆರಳು ಕೆಳಗೆ ಬಂದಿದೆ. ದಿನಾ ಬೈಕಿನಲ್ಲಿ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತೇನೆ. ಮ್ಯಾನ್ ಬನ್ ಕಟ್ಟಲೋ, ಪೋನಿಟೇಲ್ ಹಾಕಲೋ, ಇಲ್ಲಾ ಹಿಂದೆ ನೀಟಾಗಿ ಮಷಿನ್ ಹಾಕಿಸಿ ಮೇಲಷ್ಟೇ ಉದ್ದ ಬಿಡಲೋ? ಹಣೆಯ ಎರಡೂ ಮೂಲೆಯಲ್ಲಿ ಕೂದಲು ಸ್ವಲ್ಪ ಹಿಂದೆ ಸರಿದಂತೆ ಕಾಣುತ್ತಿದೆ, ಅದೂ ಚಿಂತೆ. ನಾಲ್ಕು ತಿಂಗಳಿಗೆ ಗದಗಿನಲ್ಲಿ ತಂಗಿಯ ಮದುವೆ ಇದೆ.

ಉತ್ತರ: ಕೆಲಸದ ದಿನಗಳಲ್ಲಿ ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿದ ಪೋನಿಟೇಲ್ ಹಾಕಿ. ಮನೆಯಲ್ಲಿ, ಆಫೀಸಿನಲ್ಲಿ ಬೇಕೆನಿಸಿದಾಗ ತಗ್ಗಿನ ಬನ್ ಕಟ್ಟಿ. ನೆತ್ತಿಯ ಮೇಲೆ ಬನ್ ಬೇಡ. ಹಿಂದೆ ಮಷಿನ್ ಹಾಕಿಸುವುದನ್ನು ಮದುವೆ ಮುಗಿಯುವವರೆಗಾದರೂ ಮುಂದಕ್ಕೆ ಹಾಕಿ. ಕಾರಣಗಳನ್ನು ಈಗ ಹೇಳುತ್ತೇನೆ. ಮಷಿನ್ನಿನಿಂದಲೇ ಶುರು ಮಾಡೋಣ. ಈ ಮೂರರಲ್ಲಿ ಮನಸ್ಸು ಬದಲಾದರೂ ವಾಪಸ್ ಬರಲಾಗದ್ದು ಅದೊಂದೇ.

ಬನ್ ಚೆನ್ನಾಗಿ ಕಾಣಲಿಲ್ಲ ಎಂದರೆ ಬಿಚ್ಚಿದರಾಯಿತು. ಪೋನಿಟೇಲ್ ಕೂಡ ಹಾಗೇ. ಆದರೆ ಹಿಂದಿನ ಕೂದಲನ್ನು ಎರಡನೇ ನಂಬರ್ ಮಷಿನ್ನಿಗೆ ಇಳಿಸಿದರೆ ಉಳಿಯುವುದು 6 ಮಿಲಿಮೀಟರ್. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಯಾವ ಎಣ್ಣೆ ಹಚ್ಚಿದರೂ ಈ ಲೆಕ್ಕ ದೊಡ್ಡದಾಗಿ ಬದಲಾಗುವುದಿಲ್ಲ. ನಿಮ್ಮ ಕತ್ತಿನ ಕೊನೆಯ ಸಾಲಿನ ಕೂದಲು ಭುಜದಿಂದ ನಾಲ್ಕು ಬೆರಳು ಕೆಳಗೆ ಬಂದಿದೆ ಎಂದರೆ ಅದು ಸುಮಾರು 18 ಸೆಂಟಿಮೀಟರ್ ಉದ್ದ ಇರಬೇಕು. ಅದನ್ನು ಮತ್ತೆ ಪಡೆಯಲು ಒಂದೂಕಾಲು ವರ್ಷ ಬೇಕು. ತಲೆಯ ಹಿಂದೆ ಉಬ್ಬಿಕೊಂಡಿರುವ ಎಲುಬಿನವರೆಗೆ ಮಷಿನ್ ಏರಿಸಿದರೆ ಅಲ್ಲಿನ ಕೂದಲು ಇನ್ನೂ ಉದ್ದ. ಅದು ಭುಜದ ಕೆಳಗೆ ಬರಲು ಎರಡು ವರ್ಷದ ಹತ್ತಿರ ಹಿಡಿಯುತ್ತದೆ.

ಕಷ್ಟ ಬರೀ ಕಾಯುವುದರದ್ದಲ್ಲ. ಬೆಳೆಯುವಾಗ ನಡುವೆ ಒಂದು ಹಂತ ಬರುತ್ತದೆ. ಹಿಂದಿನ ಕೂದಲು ಐದಾರು ಸೆಂಟಿಮೀಟರ್ ಆದಾಗ ಬ್ಯಾಂಡಿಗೆ ಸಿಗುವುದಿಲ್ಲ, ಚರ್ಮಕ್ಕೂ ಅಂಟಿ ಕೂರುವುದಿಲ್ಲ. ಮೇಲೆ ನೀಟಾಗಿ ಕಟ್ಟಿದ ಜುಟ್ಟು, ಕೆಳಗೆ ಕಾಲರ್ ಸುತ್ತ ಪೊದೆ. ನೀಟಾಗಿ ಕಾಣಲೆಂದು ಮಷಿನ್ ಹಾಕಿಸಿದವರು ಈ ಹಂತದಲ್ಲಿ ಬೇಸತ್ತು, ಎಲ್ಲಾ ಕೂದಲನ್ನೂ ಕತ್ತರಿಸಿಬಿಡುತ್ತಾರೆ. ವರ್ಷಗಟ್ಟಲೆ ಬೆಳೆಸಿದ ಕೂದಲು ಅರ್ಧ ಗಂಟೆಯಲ್ಲಿ ನೆಲದ ಮೇಲೆ. ಅಂಗಡಿಯಲ್ಲಿ ಇದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ ಮೊದಲೇ ಗೊತ್ತಿರಬೇಕು. ಹಿಂದೆ ತೆಗೆಸಿದ ಮೇಲೆ ಕೂದಲು ಬಿಚ್ಚಿ ಬಿಟ್ಟರೆ ತೆಳ್ಳಗೆ ಕಾಣುತ್ತದೆ. ತಲೆಯ ಕೆಳಗಿನ ಅರ್ಧದ ಕೂದಲೇ ಬಿಟ್ಟ ಕೂದಲಿಗೆ ದಪ್ಪ ಕೊಡುವುದು. ಅದಿಲ್ಲದಿದ್ದರೆ ಮೇಲಿನ ಕೂದಲು ತೆಳು ಪರದೆಯ ಹಾಗೆ ಇಳಿದು, ನಡುವೆ ಶರ್ಟಿನ ಕಾಲರ್ ಕಾಣುತ್ತದೆ. ಇದನ್ನು ಕತ್ತರಿಸದೆಯೇ ಪರೀಕ್ಷೆ ಮಾಡಬಹುದು. ಒಂದು ಕಿವಿಯ ಮೇಲ್ತುದಿಯಿಂದ ಇನ್ನೊಂದು ಕಿವಿಯ ಮೇಲ್ತುದಿಯವರೆಗೆ, ಹಿಂಬದಿಯಿಂದ ಬಾಚಣಿಗೆಯ ತುದಿಯಲ್ಲಿ ಗೆರೆ ಎಳೆಯಿರಿ. ಕೆಳಗಿನ ಕೂದಲನ್ನು ಚಪ್ಪಟೆಯಾಗಿ ಮಡಚಿ ಕತ್ತಿಗೆ ಅಂಟಿದಂತೆ ಪಿನ್ ಹಾಕಿ. ಮೇಲಿನದನ್ನು ಮಾತ್ರ ಮೊದಲು ಬಿಟ್ಟು, ಆಮೇಲೆ ಕಟ್ಟಿ, ಹಿಂದಿನಿಂದ ಮನೆಯವರ ಕೈಲಿ ಎರಡು ಫೋಟೊ ತೆಗೆಸಿ. ಕಟ್ಟಿದ ಗಂಟು ನಿಂಬೆಹಣ್ಣಿಗಿಂತ ಚಿಕ್ಕದಾಗಿದ್ದರೆ ಮಷಿನ್ನಿನ ಆಸೆ ಬಿಡಿ. ಅಷ್ಟು ಕೂದಲು ಬಿಟ್ಟುಕೊಡುವ ಸ್ಥಿತಿ ನಿಮ್ಮದಲ್ಲ.

ಹಾಗಂತ ಹಿಂದೆ ಮಷಿನ್ ಯಾರಿಗೂ ಬೇಡ ಎಂದಲ್ಲ. ಕೆಲವರ ಕೂದಲು ಎಷ್ಟು ದಟ್ಟ ಎಂದರೆ ಏಪ್ರಿಲ್ ತಿಂಗಳಲ್ಲಿ ಹೆಲ್ಮೆಟ್ ತೆಗೆದಾಗ ಕತ್ತೆಲ್ಲ ಬೆವರುಸಾಲೆ. ಬ್ಯಾಂಡ್ ಎರಡು ಸುತ್ತು ಹಾಕುವುದೇ ಕಷ್ಟ. ಅಂಥವರಿಗೆ ಕತ್ತಿನ ಗೆರೆಯಿಂದ ಬರೀ ಎರಡು ಬೆರಳು ಮೇಲಕ್ಕೆ ಮಷಿನ್ ಹಾಕುತ್ತೇವೆ. ಕೂದಲು ಬಿಟ್ಟಾಗ ಅದು ಮುಚ್ಚಿಹೋಗುತ್ತದೆ, ಕಟ್ಟಿದಾಗ ನೀಟಾಗಿ ಕಾಣುತ್ತದೆ. ಆದರೆ ಮೂರು ವಾರಕ್ಕೊಮ್ಮೆ ಅಂಗಡಿಗೆ ಬರಲೇಬೇಕು. ಹಣೆಯ ಮೂಲೆ ಸರಿಯುತ್ತಿದೆ ಎನ್ನುವ ನಿಮ್ಮಂಥವರು ಹಿಂದಿನ ಕೂದಲನ್ನು ಉಳಿಸಿಕೊಳ್ಳುವುದೇ ಜಾಣತನ. ಗಂಡಸರ ಬೋಳಿನಲ್ಲಿ ಸಾಮಾನ್ಯವಾಗಿ ಮೊದಲು ತೆಳುವಾಗುವುದು ಮುಂದಿನ ಮತ್ತು ನೆತ್ತಿಯ ಕೂದಲು. ಹಿಂದಿನದು ಕೊನೆಯವರೆಗೆ ಗಟ್ಟಿ. ಆ ಗಟ್ಟಿ ಕೂದಲನ್ನೇ ತೆಗೆಸಿ, ತೆಳುವಾಗುವ ಕೂದಲನ್ನು ನಂಬಿ ಬನ್ ಕಟ್ಟುವುದು ಸರಿಯೇ, ಹೇಳಿ.

ಈಗ ಬನ್ ವಿಷಯ. ಬನ್ ಕೆಟ್ಟದ್ದಲ್ಲ, ಅದನ್ನು ಎಲ್ಲಿ ಕಟ್ಟುತ್ತೀರಿ, ಎಷ್ಟು ಬಿಗಿ ಎಳೆಯುತ್ತೀರಿ ಎಂಬುದೇ ಮುಖ್ಯ. ನೆತ್ತಿಯ ಮೇಲೆ ಕಟ್ಟಬೇಕಾದರೆ ಹಣೆಯ ಕೂದಲು, ಕಿವಿಯ ಮುಂದಿನ ಕೂದಲು, ಕತ್ತಿನ ಕೂದಲು, ಮೂರನ್ನೂ ಮೇಲಕ್ಕೆ ಎಳೆಯಬೇಕು. ಸಡಿಲ ಬಿಟ್ಟರೆ ಜಾರುತ್ತದೆ ಎಂದು ಎಲ್ಲರೂ ಬಿಗಿಯಾಗಿಯೇ ಕಟ್ಟುತ್ತಾರೆ. ಆ ಎಳೆತವನ್ನು ಜಾಸ್ತಿ ತಡೆದುಕೊಳ್ಳುವುದು ಹಣೆಯ ಅಂಚಿನ ಮತ್ತು ಎರಡು ಮೂಲೆಗಳ ಕೂದಲು. ಅಲ್ಲಿನ ಕೂದಲು ಮೊದಲೇ ಸಣ್ಣ. ತಿಂಗಳುಗಟ್ಟಲೆ ಬೇರಿಗೆ ಎಳೆತ ಬಿದ್ದರೆ ಕೂದಲು ಉದುರುತ್ತದೆ. ಇದಕ್ಕೆ ಚರ್ಮದ ಡಾಕ್ಟರುಗಳು ಟ್ರ್ಯಾಕ್ಷನ್ ಅಲೋಪೇಷಿಯಾ ಅನ್ನುತ್ತಾರೆ. ಇದು ಹೊಸ ಫ್ಯಾಶನ್ ತಂದ ತೊಂದರೆಯೂ ಅಲ್ಲ. ಬಿಗಿಯಾಗಿ ಕೂದಲು ಎತ್ತಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಣ್ಣುಮಕ್ಕಳಲ್ಲಿ ಇದನ್ನು 1907ರಲ್ಲೇ ವೈದ್ಯರು ದಾಖಲಿಸಿದ್ದಾರೆ. ಬೇಗ ಗೊತ್ತಾಗಿ ಬಿಗಿ ಬಿಟ್ಟರೆ ಕೂದಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಹಾಗೇ ಮುಂದುವರಿಸಿದರೆ ಬೇರು ಇದ್ದ ಜಾಗದಲ್ಲಿ ಕಲೆ ಕಟ್ಟುತ್ತದೆ, ಆಮೇಲೆ ಬರುವುದಿಲ್ಲ.

ನಿಮ್ಮ ಮೂಲೆಗಳು ಸರಿದಿರುವುದು ಎಳೆತದಿಂದಲೋ, ಮನೆತನದಿಂದ ಬಂದದ್ದೋ? ಅದನ್ನು ಸ್ವಲ್ಪಮಟ್ಟಿಗೆ ನೀವೇ ನೋಡಿಕೊಳ್ಳಬಹುದು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಮೂಲೆಯನ್ನು ಹತ್ತಿರದಿಂದ ನೋಡಿ. ಎಳೆತದಿಂದ ಆಗಿದ್ದರೆ ತೆಳುವಾದ ಜಾಗದ ಮುಂಚೂಣಿಯಲ್ಲಿ, ಅಂದರೆ ಹಣೆಯ ಕಡೆಗೆ, ಸಣ್ಣ ಕೂದಲಿನ ಒಂದು ತೆಳು ಸಾಲು ಉಳಿದಿರುತ್ತದೆ. ಅವು ಬ್ಯಾಂಡಿಗೆ ಸಿಗದಷ್ಟು ಗಿಡ್ಡ. ಎಳೆತ ತಾಕದ ಕಾರಣ ಬದುಕಿಕೊಂಡಿವೆ. ಬೇರಿನ ಸುತ್ತ ಸಣ್ಣ ಗುಳ್ಳೆ, ಕೆಂಪು, ಮುಟ್ಟಿದರೆ ನೋವು ಕೂಡ ಇರಬಹುದು. ಮನೆತನದ್ದಾದರೆ ಗುಳ್ಳೆ, ನೋವು ಇರುವುದಿಲ್ಲ. ಅಂಚಿನ ಕೂದಲೇ ವರ್ಷದಿಂದ ವರ್ಷಕ್ಕೆ ಸಪೂರವಾಗುತ್ತಾ ಹಿಂದೆ ಸರಿಯುತ್ತದೆ. ತಂದೆಯವರದ್ದೋ ಸೋದರಮಾವನದ್ದೋ ಹಳೆಯ ಫೋಟೊದಲ್ಲಿ ಅದೇ ಆಕಾರ ಸಿಗುವುದುಂಟು. ಎರಡೂ ಒಟ್ಟಿಗೆ ಇರಲೂಬಹುದು. ಆಗಂತೂ ನೆತ್ತಿಯ ಬನ್ ಬೇಡವೇ ಬೇಡ.

ಬಾಚಣಿಗೆಯಲ್ಲಿ ಬಂದ ಕೂದಲನ್ನೂ ಒಮ್ಮೆ ನೋಡಿ. ಒಂದು ತುದಿಯಲ್ಲಿ ಬಿಳಿ ಚುಕ್ಕೆಯಂಥ ಬೇರು ಇದ್ದು, ಉದ್ದಕ್ಕಿದ್ದರೆ ಅದು ತಾನಾಗಿ ಉದುರಿದ್ದು. ದಿನಕ್ಕೆ 50ರಿಂದ 100 ಉದುರುವುದು ಸಹಜ. ದಿನವಿಡೀ ಕಟ್ಟಿಟ್ಟರೆ ಅವೆಲ್ಲ ಸಂಜೆ ಒಟ್ಟಿಗೇ ಕೈಗೆ ಬರುತ್ತವೆ. ಗಾಬರಿ ಬೇಡ. ಬಿಳಿ ಚುಕ್ಕೆ ಇಲ್ಲದೆ, ಗಿಡ್ಡ ಗಿಡ್ಡ ತುಂಡುಗಳು ಬಂದರೆ ಕೂದಲು ಮುರಿಯುತ್ತಿದೆ ಎಂದರ್ಥ. ಆಗ ಬ್ಯಾಂಡನ್ನೇ ಅನುಮಾನಿಸಿ.

ಇನ್ನು ಹೆಲ್ಮೆಟ್. ನಿಮ್ಮ ವಿಷಯದಲ್ಲಿ ಬನ್ನಿಗೆ ದೊಡ್ಡ ಅಡ್ಡಿ ಇದೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಹೋಗಿಬರುವಷ್ಟರಲ್ಲಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ನೆತ್ತಿಯ ಮೇಲೆ ಗಂಟು ಇದ್ದರೆ ಹೆಲ್ಮೆಟ್ ಪೂರ್ತಿ ಇಳಿಯುವುದಿಲ್ಲ. ತಲೆಗೂ ಒಳಗಿನ ಪ್ಯಾಡಿಗೂ ನಡುವೆ ಸಂದು ಉಳಿಯುತ್ತದೆ, ಗದ್ದದ ಬೆಲ್ಟ್ ಎಳೆದು ಹಾಕಿದರೂ ಹೆಲ್ಮೆಟ್ ಆಡುತ್ತದೆ. ಬಿದ್ದರೆ ಅಂಥ ಹೆಲ್ಮೆಟ್ ಕಳಚಬಹುದು. ಮೇಲಾಗಿ ಹೆಲ್ಮೆಟ್ಟಿನ ಒತ್ತಡವೆಲ್ಲ ಆ ಗಂಟಿನ ಮೇಲೆ ಬಿದ್ದು, ಅದರ ಬುಡದ ಕೂದಲನ್ನು ಎಳೆಯುತ್ತದೆ. ಒಮ್ಮೆ ಪರೀಕ್ಷಿಸಿ: ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದು, ಕೈಯಲ್ಲಿ ಹೆಲ್ಮೆಟ್ ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿ. ಹಣೆಯ, ಕೆನ್ನೆಯ ಚರ್ಮ ಅದರ ಜೊತೆಗೇ ಆಡಬೇಕು. ಚರ್ಮ ಅಲ್ಲೇ ನಿಂತು ಹೆಲ್ಮೆಟ್ ಮಾತ್ರ ತಿರುಗಿದರೆ ಒಳಗಿನ ಗಂಟು ಬಿಚ್ಚಬೇಕು, ಇಲ್ಲವೇ ಹೆಲ್ಮೆಟ್ ದೊಡ್ಡದಾಗಿದೆ. ಬನ್ ಹಿಡಿಯಲೆಂದು ಒಂದು ಸೈಜ್ ದೊಡ್ಡ ಹೆಲ್ಮೆಟ್ ಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹೀಗಾಗಿ ನಿಮಗೆ ಪೋನಿಟೇಲ್. ಅದನ್ನು ಹಾಕುವ ಕ್ರಮ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸುಮ್ನೆ ಹಿಂದೆ ಎಳೆದು ರಬ್ಬರ್ ಹಾಕಿದರೆ ಅದೂ ಬನ್ನಿನಷ್ಟೇ ಕೆಡಿಸುತ್ತದೆ.

ಕೂದಲು ಪೂರ್ತಿ ಒಣಗಿರಲಿ. ಒದ್ದೆ ಕೂದಲು ಜಾಸ್ತಿ ಹಿಗ್ಗುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ. ಒಳಗೆ ಗಾಳಿಯಾಡದೆ ಹೊಟ್ಟು, ವಾಸನೆಯೂ ಬರುತ್ತದೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಕೂದಲು ಒಣಗುವುದೇ ಇಲ್ಲ ಅಲ್ವಾ, ಆ ದಿನಗಳಲ್ಲಿ ತಲೆಸ್ನಾನವನ್ನು ರಾತ್ರಿಗೆ ಬೇಗ ಮುಗಿಸಿಕೊಳ್ಳಿ. ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ನಡು, ಕೊನೆಗೆ ಬುಡ. ಬುಡದಿಂದ ಶುರು ಮಾಡಿದರೆ ಎಲ್ಲ ಸಿಕ್ಕೂ ತುದಿಗೆ ಹೋಗಿ ಗಂಟಾಗುತ್ತದೆ.

ಆಮೇಲೆ ಕೂದಲನ್ನು ಕೈಯಿಂದಲೇ ಹಿಂದಕ್ಕೆ ಸೇರಿಸಿ. ನೇರ ಹಿಂದಕ್ಕೆ ಎಳೆದರೆ ಹಣೆಯ ಎರಡೂ ಮೂಲೆ ಎದ್ದು ಕಾಣುತ್ತವೆ. ಒಂದು ಪಕ್ಕಕ್ಕೆ ಬೈತಲೆ ತೆಗೆದು, ಮುಂದಿನ ಕೂದಲು ಮೂಲೆಯ ಮೇಲೆ ಸಡಿಲವಾಗಿ ಹಾಯ್ದು ಹೋಗಲಿ. ಗಂಟು ಕಿವಿಯ ಹಾಲೆಯ ಮಟ್ಟಕ್ಕಿಂತ ಕೆಳಗೆ, ಕತ್ತಿಗೆ ಹತ್ತಿಕೊಂಡು ಇರಲಿ. ಇದಕ್ಕಿಂತ ಮೇಲೆ ಕಟ್ಟಿದರೆ ಹೆಲ್ಮೆಟ್ಟಿನ ಹಿಂದಿನ ಅಂಚು ಗಂಟಿನ ಮೇಲೆ ಕೂತು, ಹೆಲ್ಮೆಟ್ಟನ್ನು ಮುಂದಕ್ಕೆ ದೂಡುತ್ತದೆ. ಬ್ಯಾಂಡ್ ಎರಡೇ ಸುತ್ತು. ಮೂರನೇ ಸುತ್ತು ಬೇಕೆನಿಸಿದರೆ ಚಿಕ್ಕ ಬ್ಯಾಂಡ್ ತನ್ನಿ. ಕಟ್ಟಿದ ಮೇಲೆ ಹಣೆಯ ಹತ್ತಿರದ ಕೂದಲಿನ ಕೆಳಗೆ ಕಿರುಬೆರಳು ಸಲೀಸಾಗಿ ಹೋಗಬೇಕು. ಹುಬ್ಬು ಎತ್ತಿದಾಗ ಬೇರಿನಲ್ಲಿ ಚುಳ್ ಎನ್ನಬಾರದು. ಸಂಜೆ ಬಿಚ್ಚಿದಾಗ ತಲೆಯ ಚರ್ಮಕ್ಕೆ ನೋವಾದರೆ, ಇಲ್ಲಾ ಅಬ್ಬಾ ಎಂದು ಹಗುರವೆನಿಸಿದರೆ ಅವತ್ತು ಬಿಗಿ ಜಾಸ್ತಿಯಾಗಿತ್ತು ಎಂದೇ ತಿಳಿಯಿರಿ.

ಬ್ಯಾಂಡ್ ಯಾವುದು? ಸಾಮಾನು ಕಟ್ಟುವ ತೆಳು ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಅದು ಕೂದಲಿಗೆ ಅಂಟಿ, ತೆಗೆಯುವಾಗ ಕಿತ್ತುಕೊಂಡೇ ಬರುತ್ತದೆ. ಕಬ್ಬಿಣದ ಕೊಂಡಿ ಇರುವುದೂ ಬೇಡ. ದುರ್ಗದಬೈಲಿನಲ್ಲಿ ಹೆಣ್ಣುಮಕ್ಕಳ ಸಾಮಾನಿನ ಅಂಗಡಿಗಳಲ್ಲಿ ಬಟ್ಟೆ ಹೊದಿಸಿದ ದಪ್ಪ ಬ್ಯಾಂಡ್ ಸಿಗುತ್ತದೆ, ಕರಿಬಣ್ಣದ್ದು ತಗೊಳ್ಳಿ. ಅಲ್ಲೇ ನಾಲ್ಕಾರು ಯು ಪಿನ್ನನ್ನೂ ತನ್ನಿ, ಬನ್ನಿಗೆ ಬೇಕಾಗುತ್ತದೆ.

ಬೈಕಿನ ಗಾಳಿಗೆ ಬಿಟ್ಟ ಪೋನಿಟೇಲ್ ಹಾರಾಡಿ, ಜಾಕೆಟ್ಟಿಗೆ ಉಜ್ಜಿ, ನವನಗರ ದಾಟುವಷ್ಟರಲ್ಲಿ ತುದಿಯೆಲ್ಲ ಸಿಕ್ಕಾಗುತ್ತದೆ. ಜೊತೆಗೆ ಈ ರಸ್ತೆಯ ಧೂಳು. ಅದಕ್ಕೆ ಪೋನಿಟೇಲಿನ ನಡುವೆ ಇನ್ನೊಂದು ಬ್ಯಾಂಡ್ ಹಾಕಿ, ಉಳಿದದ್ದನ್ನು ಜಾಕೆಟ್ಟಿನ ಒಳಗೆ ಬಿಡಿ. ಅದಕ್ಕಿಂತ ಒಳ್ಳೆಯದು ಮೂರು ಎಳೆಯ ಸಡಿಲ ಹೆರಳು. ಗಂಡಸರು ಇದಕ್ಕೆ ಸಂಕೋಚಪಡುತ್ತಾರೆ. ಸಂಕೋಚ ಬೇಡ, ಜಾಕೆಟ್ಟಿನ ಒಳಗೆ ಅದು ಯಾರಿಗೂ ಕಾಣುವುದಿಲ್ಲ, ಸಂಜೆ ಬಾಚುವಾಗ ಮುರಿಯುವ ಕೂದಲು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಆಫೀಸು ತಲುಪಿದ ಮೇಲೆ ಹೆಲ್ಮೆಟ್ ತೆಗೆದು, ಬ್ಯಾಂಡ್ ಬಿಚ್ಚಿ, ಬೆವರು ಆರುವವರೆಗೆ ಐದು ನಿಮಿಷ ಕೂದಲು ಬಿಟ್ಟುಕೊಳ್ಳಿ. ಆಮೇಲೆ ತಗ್ಗಿನ ಬನ್ ಕಟ್ಟಬಹುದು. ದಿನವಿಡೀ ಒಂದೇ ಜಾಗದಲ್ಲಿ ಗಂಟು ಇದ್ದರೆ ಅದೇ ಕೂದಲು ಎಳೆಸಿಕೊಳ್ಳುತ್ತದೆ, ಜಾಗ ಬದಲಾದರೆ ಹೊರೆ ಹಂಚಿಹೋಗುತ್ತದೆ. ನಿಮ್ಮ ಉದ್ದಕ್ಕೆ ಬ್ಯಾಂಡೇ ಇಲ್ಲದೆ ಬನ್ ಕಟ್ಟಲು ಬರುತ್ತದೆ. ಕೂದಲನ್ನು ಕತ್ತಿನ ಮೇಲೆ ಸೇರಿಸಿ ಒಂದೇ ದಿಕ್ಕಿಗೆ ತಿರುಚಿ, ತನ್ನ ಸುತ್ತಲೇ ಸುತ್ತಿ, ತುದಿಯನ್ನು ಒಳಗೆ ಸೇರಿಸಿ. ಯು ಪಿನ್ನಿನಲ್ಲಿ ಗಂಟಿನ ಅಂಚಿನ ಸ್ವಲ್ಪ ಕೂದಲು ಹಿಡಿದು, ಪಿನ್ ತಿರುಗಿಸಿ ತಲೆಯ ಕಡೆಗೆ ಒಳಕ್ಕೆ ತಳ್ಳಿ. ಎರಡು ಪಿನ್ ಸಾಕು, ಜಾರಿದರೆ ಮೂರು. ನಿಮ್ಮ ಮನೆಯಲ್ಲಿ ಅಮ್ಮನೋ ಅಜ್ಜಿಯೋ ತುರುಬು ಕಟ್ಟುವುದನ್ನು ಒಮ್ಮೆ ಗಮನಿಸಿ, ಇದೇ ಕೈಚಳಕ. ಎಳೆತ ಕಡಿಮೆ ಇರುವ ಕಟ್ಟು ಇದು.

ಮನೆಯಲ್ಲಿ ಬೋರ್ ನೀರಿದ್ದರೆ ಸೋಪಿನ ಅಂಶ ಕೂದಲಿಗೆ ಹತ್ತಿಕೊಂಡು ಒರಟಾಗುತ್ತದೆ. ಕೊನೆಯ ಎರಡು ತಂಬಿಗೆಯನ್ನಾದರೂ ನಳದ ಮಲಪ್ರಭೆ ನೀರಿನಲ್ಲಿ ಹಾಕಿಕೊಳ್ಳಿ. ಗದಗಿಗೆ ಹೋದಾಗಲೂ ಇದನ್ನು ನೆನಪಿಡಿ, ಆ ಭಾಗದ ಬೋರ್ ನೀರು ಬಹಳ ಗಡಸು.

ಮದುವೆಗೆ ಬರೋಣ. ವಧುವಿನ ಅಣ್ಣ ಎಂದರೆ ರುಮಾಲು ಸುತ್ತುತ್ತಾರೆ. ನೆತ್ತಿಯ ಮೇಲೆ ಬನ್ ಇದ್ದರೆ ರುಮಾಲು ಕೂರುವುದಿಲ್ಲ, ಮೇಲಕ್ಕೆದ್ದು ನಿಲ್ಲುತ್ತದೆ. ಅಕ್ಷತೆ ಹೊತ್ತಿಗೆ ಜಾರಿ ಹಣೆಗೆ ಬರುತ್ತದೆ. ತಗ್ಗಿನ ಬನ್ ಕಟ್ಟಿದ್ದರೆ ರುಮಾಲಿನ ಅಂಚು ಗಂಟಿನ ಮೇಲೆ ನೀಟಾಗಿ ನಿಲ್ಲುತ್ತದೆ. ಹಿಂದಿನಿಂದ ತೆಗೆದ ಫೋಟೊದಲ್ಲೂ ಚೆಂದ. ಮದುವೆಗೂ ಮುಂಚೆ ಒಂದು ಭಾನುವಾರ ರುಮಾಲು ಸುತ್ತುವವರ ಕೈಲಿ ಒಮ್ಮೆ ಸುತ್ತಿಸಿಕೊಂಡು ನೋಡಿ.

ಹಿಂದೆ ನೀಟಾಗಿ ಕಾಣಬೇಕೆಂಬ ಆಸೆ ಮಾತ್ರ ನ್ಯಾಯವಾದದ್ದೇ. ಅದಕ್ಕೆ ಮಷಿನ್ ಬೇಕಿಲ್ಲ. ಕೂದಲು ಕಟ್ಟಿದಾಗ ಗಲೀಜಾಗಿ ಕಾಣುವುದು ಕತ್ತಿನ ಗೆರೆಯ ಕೆಳಗೆ ಬೆಳೆದ ಸಣ್ಣ ರೋಮ. ಅಷ್ಟನ್ನು ತೆಗೆಸಿದರೆ ಸಾಕು. ಕಟಿಂಗ್ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರುವ ಮುಂಚೆಯೇ, ಕೂದಲು ಕಟ್ಟಿಕೊಂಡೇ ಹೋಗಿ, ಬೆರಳಿಟ್ಟು ತೋರಿಸಿ ಹೀಗೆ ಹೇಳಿ: "ಅಣ್ಣಾ, ಹಿಂದ ಮಷಿನ್ ಏರಿಸಬ್ಯಾಡ್ರಿ. ಈ ಗೆರಿ ಕೆಳಗಿನ ಸಣ್ಣ ಕೂದಲಾ ಅಷ್ಟ ತೆಗೀರಿ. ತುದಿ ಒಂದು ಸೆಂಟಿಮೀಟರ್ ಕತ್ತರಿಸ್ರಿ, ಮುಂದ ಗಿಡ್ಡ ಮಾಡಬ್ಯಾಡ್ರಿ." ಮುಂದೆ ಗಿಡ್ಡ ಮಾಡಿದರೆ ಆ ಕೂದಲು ಕತ್ತಿನ ಗಂಟಿಗೆ ತಲುಪದೆ, ಹೆಲ್ಮೆಟ್ ಒಳಗೆ ಕಣ್ಣಿಗೆ ಬೀಳುತ್ತದೆ. ಕತ್ತಿನ ಗೆರೆ ಮೂರು ವಾರಕ್ಕೊಮ್ಮೆ, ತುದಿ ಮೂರು ತಿಂಗಳಿಗೊಮ್ಮೆ. ಮದುವೆಗೆ ನಾಲ್ಕು ತಿಂಗಳಿದೆ ಎಂದರೆ ಈಗೊಮ್ಮೆ ತುದಿ ತೆಗೆಸಿ, ಮತ್ತೆ ಮದುವೆಗೆ ಹತ್ತು ದಿನ ಇರುವಾಗ ತೆಗೆಸಿ. ಈ ನಡುವೆ ಸುಮಾರು ಐದು ಸೆಂಟಿಮೀಟರ್ ಬೆಳೆದಿರುತ್ತದೆ, ತಗ್ಗಿನ ಬನ್ ಇನ್ನೂ ತುಂಬಿಕೊಂಡು ಕೂರುತ್ತದೆ.

ಹಣೆಯ ಮೂಲೆಗಳ ಫೋಟೊ ಇವತ್ತೇ ಒಂದು ತೆಗೆದಿಡಿ. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಕೂದಲು ಅದೇ ರೀತಿ ಹಿಂದಕ್ಕೆ ಹಿಡಿದು ಇನ್ನೊಂದು. ಬಿಗಿ ಬಿಟ್ಟು ಮೂರು ತಿಂಗಳಾದ ಮೇಲೆ ಅಂಚಿನಲ್ಲಿ ಸಣ್ಣ ಹೊಸ ಕೂದಲು ಕಂಡರೆ ಕಾರಣ ಎಳೆತವೇ ಆಗಿತ್ತು, ಇದೇ ಕ್ರಮ ಮುಂದುವರಿಸಿ. ಗುಳ್ಳೆ, ನೋವು, ತುರಿಕೆ ಇದ್ದರೆ, ಅಥವಾ ಗೆರೆ ಇನ್ನೂ ಹಿಂದೆ ಹೋಗುತ್ತಿದ್ದರೆ ಮದುವೆ ಮುಗಿಯಲಿ ಎಂದು ಕಾಯಬೇಡಿ. ಆ ಫೋಟೊಗಳನ್ನು ಹಿಡಿದುಕೊಂಡು ಚರ್ಮರೋಗದ ಡಾಕ್ಟರ ಹತ್ತಿರ ಹೋಗಿ. ಅವತ್ತು ಎಣ್ಣೆ ಹಚ್ಚಬೇಡಿ, ಕೂದಲು ಬಿಟ್ಟುಕೊಂಡು ಹೋಗಿ, ದಿನಾ ಹೇಗೆ ಕಟ್ಟುತ್ತೀರಿ ಎಂಬುದನ್ನು ಅವರ ಮುಂದೆಯೇ ಕಟ್ಟಿ ತೋರಿಸಿ.